ಒಂದು ಪ್ರಶ್ನೆ, ಮೂರು ಕುರ್ಚಿ

ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ ಕೌನ್ಸೆಲಿಂಗ್ ಕೋರ್ಸ್ ಹುಡುಕುತ್ತಿರುವವರಿಗೆ ಪ್ರಾಸ್ಪೆಕ್ಟಸ್‌ಗಳಲ್ಲಿ ಮೂರು ಹೆಸರುಗಳು ಎದುರಾಗುತ್ತಲೇ ಇರುತ್ತವೆ: ಸೈಕೊಡೈನಾಮಿಕ್, ಹ್ಯೂಮನಿಸ್ಟಿಕ್, ಸಿಬಿಟಿ. ಪಠ್ಯಪುಸ್ತಕದ ಪ್ರಕಾರ ಮೊದಲನೆಯದು ಫ್ರಾಯ್ಡ್‌ನ ವಂಶ, ಬಾಲ್ಯವನ್ನು ಕೆದಕುತ್ತದೆ. ಎರಡನೆಯದು ಕಾರ್ಲ್ ರೋಜರ್ಸ್‌ದು, ಮನಸ್ಸಿಟ್ಟು ಕೇಳಿಸಿಕೊಳ್ಳುತ್ತದೆ. ಮೂರನೆಯದು ಆರನ್ ಬೆಕ್‌ದು, ಆಲೋಚನೆಯನ್ನು ತಿದ್ದುತ್ತದೆ. ಪರೀಕ್ಷೆಯಲ್ಲಿ ಐದು ಅಂಕದ ಉತ್ತರಕ್ಕೆ ಇಷ್ಟು ಸಾಕು. ಎರಡು ವರ್ಷದ ಸಮಯ ಮತ್ತು ಅಪ್ಪ ಅಮ್ಮನ ದುಡ್ಡು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಇದು ಏನೇನೂ ಸಾಲದು. ಕೋರ್ಸ್ ಆರಿಸುವವರು ನಿಜವಾಗಿ ಆರಿಸುವುದು ಒಂದು ಅಭ್ಯಾಸವನ್ನು. ಎದುರಿಗೆ ಕೂತವರು ಒಂದು ಮಾತು ಆಡಿದಾಗ ನಿಮ್ಮ ಬಾಯಿಂದ ಮೊದಲು ಏನು ಹೊರಡಬೇಕು, ಏನು ಹೊರಡಬಾರದು ಎಂಬ ಅಭ್ಯಾಸ. ಆದ್ದರಿಂದ ಸಿದ್ಧಾಂತಗಳನ್ನು ಬದಿಗಿಟ್ಟು, ಒಬ್ಬಳೇ ವ್ಯಕ್ತಿಯನ್ನು, ಅವಳ ಒಂದೇ ಮಾತನ್ನು ಮೂವರು ಆಪ್ತಸಮಾಲೋಚಕಿಯರ ಎದುರು ಇಟ್ಟು ನೋಡೋಣ.

ಅವಳನ್ನು ಸವಿತಾ ಎನ್ನೋಣ. ಕಲ್ಪಿತ ವ್ಯಕ್ತಿ, ಆದರೆ ಈ ಕೆಲಸದಲ್ಲಿರುವವರು ಅವಳನ್ನು ಬೇಗ ಗುರುತಿಸುತ್ತಾರೆ. ವಯಸ್ಸು 24, ರಾಣೆಬೆನ್ನೂರಿನ ಹತ್ತಿರದ ಹಳ್ಳಿಯವಳು, ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ಹನ್ನೆರಡು ಜನರ ಮೀಟಿಂಗ್‌ನಲ್ಲಿ ತನ್ನ ವಾರದ ಲೆಕ್ಕವನ್ನು ಎರಡು ನಿಮಿಷ ಹೇಳಬೇಕು. ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುತ್ತದೆ, ಹೆಸರು ಕರೆದರೆ ಗಂಟಲು ಕಟ್ಟುತ್ತದೆ, ಕಿವಿ ಬಿಸಿಯಾಗುತ್ತದೆ. ಹೇಗೋ ನಡೆದುಹೋಗುತ್ತಿದ್ದದ್ದು ಈಗ ಹದಗೆಟ್ಟು, ಮೂರು ಸೋಮವಾರ ಒಂದಲ್ಲ ಒಂದು ನೆಪ ಹೇಳಿ ರಜೆ ಹಾಕಿದ್ದಾಳೆ. ಅವಳ ತಂದೆ ಹೈಸ್ಕೂಲ್ ಮೇಷ್ಟ್ರು. ಮನೆಗೆ ಯಾರಾದರೂ ಬಂದರೆ ಮಗಳನ್ನು ಕರೆದು ಲೆಕ್ಕ ಕೇಳುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ಬಂದವರ ಕಡೆ ತಿರುಗಿ ನಗುತ್ತಿದ್ದರು. ಎಲ್ಲ ಹೇಳಿ ಮುಗಿಸಿ ಅವಳು ಕೇಳುತ್ತಾಳೆ: “ನೀವ ಹೇಳ್ರಿ ಮೇಡಂ, ಕೆಲಸ ಬಿಡ್ಲೋ ಬ್ಯಾಡೋ?”

ನಮ್ಮಲ್ಲಿ ಕೌನ್ಸೆಲಿಂಗಿಗೆ ಬರುವವರಲ್ಲಿ ಬಹಳ ಮಂದಿ ಮೊದಲ ಅಥವಾ ಎರಡನೇ ಭೇಟಿಯಲ್ಲಿ ಕೇಳುವ ಪ್ರಶ್ನೆ ಇದು. ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ, ಮಠದ ಸ್ವಾಮಿಗಳು ದಾರಿ ಹೇಳುತ್ತಾರೆ, ಜೋಯಿಸರು ಜಾತಕ ನೋಡಿ ಇಂಥ ತಿಂಗಳು ಎನ್ನುತ್ತಾರೆ. ಹಣ ಕೊಟ್ಟು ಬಂದ ಮೇಲೆ ಇವರೂ ಏನಾದರೂ ಹೇಳಬೇಕಲ್ಲ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಬರೆದ ಲೇಖನವೊಂದರಲ್ಲಿ, ಭಾರತೀಯರ ಚಿಕಿತ್ಸೆಗೆ ಗುರು-ಶಿಷ್ಯ ಸಂಬಂಧವೇ ಒಂದು ಮಾದರಿ ಆಗಬಹುದೇ ಎಂದು ಚರ್ಚಿಸಿದ್ದರು. ಮೂರೂ ಪಂಥಗಳು ಈ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಆದರೆ ಕೊಡದಿರುವ ರೀತಿ ಮೂರಕ್ಕೂ ಬೇರೆ ಬೇರೆ, ಮತ್ತು ಅಲ್ಲಿಯೇ ಇಡೀ ವ್ಯತ್ಯಾಸ ಇದೆ.

ರೋಜರ್ಸ್ ಪಂಥದಲ್ಲಿ ತರಬೇತಾದ ಆಪ್ತಸಮಾಲೋಚಕಿ ಹೀಗೆ ಅನ್ನಬಹುದು: “ಯೋಚಿಸಿ ಯೋಚಿಸಿ ಸುಸ್ತಾಗಿದೆ, ಯಾರಾದರೂ ಗಟ್ಟಿಯಾಗಿ ಹೇಳಿಬಿಟ್ಟರೆ ಸಾಕು ಅನ್ನಿಸ್ತಿದೆ.” ಇಲ್ಲಿ ಪ್ರಶ್ನೆ ಇಲ್ಲ, ಸಲಹೆ ಇಲ್ಲ, ವಿವರಣೆಯೂ ಇಲ್ಲ. ಸವಿತಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುಸ್ತಲ್ರಿ ಮೇಡಂ, ಸಿಟ್ಟು ಬರ್ತದ” ಎನ್ನುತ್ತಾಳೆ. ಹೊರಗಿನವರಿಗೆ ಸಮಾಲೋಚಕಿ ತಪ್ಪು ಊಹಿಸಿದಂತೆ ಕಾಣುತ್ತದೆ. ಈ ಪಂಥದವರಿಗೆ ಮಾತ್ರ ಇದು ಒಳ್ಳೆಯ ಲಕ್ಷಣ: ಅವಳು ತನ್ನೊಳಗೆ ನೋಡಿಕೊಂಡು, ಎದುರಿನವರು ಕೊಟ್ಟ ಪದವನ್ನು ಪಕ್ಕಕ್ಕಿಟ್ಟು, ತನ್ನದೇ ಪದ ಹುಡುಕಿದಳು. ಅಪ್ಪನ ಎದುರು, ಮ್ಯಾನೇಜರ್ ಎದುರು ‘ಅಲ್ಲ’ ಎನ್ನಲಾಗದವಳು ಇಲ್ಲಿ ‘ಅಲ್ಲ’ ಎಂದಳು.

1957ರಲ್ಲಿ ರೋಜರ್ಸ್ ಒಂದು ಧೈರ್ಯದ ಮಾತು ಬರೆದರು. ವ್ಯಕ್ತಿ ಬದಲಾಗಲು ಕೆಲವು ಷರತ್ತುಗಳು ಬೇಕು. ಅವು ಇದ್ದರೆ ಸಾಕು, ಬೇರೆ ಯಾವ ತಂತ್ರವೂ ಬೇಡ ಎಂದು. ಅವುಗಳಲ್ಲಿ ಹೆಚ್ಚು ಹೆಸರಾದವು ಮೂರು. ಎದುರಿನವರ ಲೋಕವನ್ನು ಅವರ ಕಣ್ಣಿನಿಂದ ನೋಡುವುದು, ಅವರನ್ನು ಷರತ್ತಿಲ್ಲದೆ ಒಪ್ಪುವುದು, ಮತ್ತು ತಾನು ಮುಖವಾಡವಿಲ್ಲದೆ ಇರುವುದು. ಸವಿತಾಳ ತೊಂದರೆಯನ್ನು ಅವರ ಸಿದ್ಧಾಂತ ಹೀಗೆ ಓದುತ್ತದೆ: ಉತ್ತರ ಸರಿಯಿದ್ದರೆ ಮಾತ್ರ ನಿನಗೆ ಬೆಲೆ ಎಂದು ಕಲಿತ ಮಗು, ದೊಡ್ಡವಳಾದ ಮೇಲೆ ತನಗೆ ಏನನಿಸುತ್ತದೆ ಎಂಬುದಕ್ಕಿಂತ ಎದುರಿನವರಿಗೆ ಏನನಿಸೀತು ಎಂಬುದನ್ನೇ ನಂಬುತ್ತದೆ. ಹಾಗಾಗಿ ಸಮಾಲೋಚಕಿ ಉತ್ತರ ಹೇಳಿದರೆ, ಅದು ಎಷ್ಟೇ ಒಳ್ಳೆಯ ಉತ್ತರವಾಗಿರಲಿ, ಹಳೆಯ ಪಾಠವೇ ಗಟ್ಟಿಯಾಗುತ್ತದೆ.

ಕೇಳಲು ಸುಲಭ. ಕೆಡುವುದು ಕೂಡ ಇಲ್ಲಿಯೇ ಅತಿ ಸುಲಭ. ಹೊಸಬರು ಎದುರಿನವರ ಕೊನೆಯ ವಾಕ್ಯವನ್ನೇ ಸ್ವಲ್ಪ ತಿರುಗಿಸಿ ಒಪ್ಪಿಸುತ್ತಾರೆ: “ಅಂದರೆ ನಿಮಗೆ ಕೆಲಸ ಬಿಡಬೇಕೋ ಬೇಡವೋ ಗೊತ್ತಾಗ್ತಿಲ್ಲ.” ಸವಿತಾ “ಅದನ್ನ ನಾ ಹೇಳಿದ್ನಲ್ರಿ” ಎಂದರೆ, ಅಥವಾ ಅದೇ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರೆ, ಕೇಳಿಸಿಕೊಳ್ಳುವಿಕೆ ನಿಂತುಹೋಗಿ ಗಿಳಿಪಾಠ ನಡೆದಿದೆ ಎಂದೇ ಅರ್ಥ. ಅರ್ಧ ದಿನದ ಕಾರ್ಯಾಗಾರದಲ್ಲಿ ‘ಅನುಭೂತಿ’ ಕಲಿಸುತ್ತೇವೆ ಎನ್ನುವವರು ಸಾಮಾನ್ಯವಾಗಿ ಕಲಿಸುವುದು ಇದನ್ನೇ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಒಂದು ಹಳೆಯ ಫಿಲ್ಮ್ ಇದೆ. ಎವರೆಟ್ ಶೋಸ್ಟ್ರಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದ ನಡುವಿನಲ್ಲಿ ತಯಾರಿಸಿದ್ದು. ಜಗತ್ತಿನಾದ್ಯಂತ ಕೌನ್ಸೆಲಿಂಗ್ ತರಗತಿಗಳಲ್ಲಿ ಇವತ್ತಿಗೂ ತೋರಿಸುತ್ತಾರೆ. ಗ್ಲೋರಿಯಾ ಎಂಬ ವಿಚ್ಛೇದಿತ ಮಹಿಳೆ ಕಾರ್ಲ್ ರೋಜರ್ಸ್, ಫ್ರಿಟ್ಜ್ ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಮೂವರೊಡನೆ ಒಬ್ಬೊಬ್ಬರಾಗಿ ಮಾತಾಡುತ್ತಾಳೆ. ರೋಜರ್ಸ್ ಮುಂದೆ ಅವಳು ಕೇಳುವುದು ಸವಿತಾಳ ಪ್ರಶ್ನೆಯ ಅಕ್ಕನಂಥ ಪ್ರಶ್ನೆ. ವಿಚ್ಛೇದನದ ನಂತರ ಗಂಡಸರ ಸಂಬಂಧ ಇತ್ತೇ ಎಂದು ಮಗಳು ಕೇಳಿದಾಗ ಸುಳ್ಳು ಹೇಳಿದೆ, ನಿಜ ಹೇಳಿದರೆ ಮಗುವಿಗೆ ಹಾನಿಯೇ, ನೀವು ಹೇಳಿ. ರೋಜರ್ಸ್ ಉತ್ತರ ಕೊಡುವುದಿಲ್ಲ. ಕೊಡಲಾಗಿದ್ದರೆ ಚೆನ್ನಾಗಿತ್ತು ಎಂಬ ಭಾವ ಅವರ ಮುಖದಲ್ಲಿ ಕಾಣುತ್ತದೆ, ಆದರೆ ಇದು ನಿನ್ನೊಳಗಿನ ವಿಷಯ, ನೀನು ಉತ್ತರ ಹುಡುಕಲು ಜೊತೆಗಿರುತ್ತೇನೆ ಎಂಬರ್ಥದ ಮಾತಾಡುತ್ತಾರೆ. ಅವಳು ಮತ್ತೆ ಮತ್ತೆ ಒತ್ತುತ್ತಾಳೆ, ಅವರು ಮಣಿಯುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ಎಲ್ಲಿಸ್ ಜೊತೆಗಿನ ಭಾಗ ಇದಕ್ಕೆ ತದ್ವಿರುದ್ಧ: ಬಹುಪಾಲು ಅವರೇ ಮಾತಾಡುತ್ತಾರೆ, ಗಂಡಸರ ಎದುರು ಹಿಂಜರಿಯುವ ಅವಳ ಹಿಂದಿನ ‘ತಿರಸ್ಕರಿಸಿದರೆ ಮುಗಿದೇಹೋಯಿತು’ ಎಂಬ ಯೋಚನೆಯನ್ನು ಹಿಡಿದು, ಹೋಗಿ ಮಾತಾಡಿ ನೋಡು ಎಂಬ ಮನೆಗೆಲಸ ಕೊಡುತ್ತಾರೆ.

ಫಿಲ್ಮಿನಲ್ಲಿ ಸೈಕೊಡೈನಾಮಿಕ್ ಚಿಕಿತ್ಸಕ ಇಲ್ಲ. ಆದರೂ ಆ ಪಂಥದವರು ಹೆಚ್ಚು ಚರ್ಚಿಸಿದ ಕ್ಷಣವೊಂದು ರೋಜರ್ಸ್ ಭಾಗದ ಕೊನೆಯಲ್ಲಿದೆ. ನಿಮ್ಮಂಥವರು ನನ್ನ ತಂದೆಯಾಗಿದ್ದರೆ ಎಂದು ಗ್ಲೋರಿಯಾ ಅನ್ನುತ್ತಾಳೆ. ನೀನು ನನಗೆ ಒಳ್ಳೆಯ ಮಗಳ ಹಾಗೆ ಕಾಣುತ್ತೀ ಎಂಬರ್ಥದಲ್ಲಿ ರೋಜರ್ಸ್ ಹೇಳುತ್ತಾರೆ. ರೋಜರ್ಸ್ ಮಟ್ಟಿಗೆ ಅದು ಇಬ್ಬರು ಮನುಷ್ಯರ ನಡುವಿನ ಪ್ರಾಮಾಣಿಕ ಮಾತು. ಫ್ರಾಯ್ಡ್ ಪರಂಪರೆಯವರ ಕಣ್ಣಿಗೆ ಅದು ಕೈಗೆ ಬಂದಿದ್ದ ಬಾಗಿಲನ್ನು ಮೆತ್ತಗೆ ಮುಚ್ಚಿದ ಕ್ಷಣ: ತಂದೆಯಿಂದ ಸಿಗದ್ದನ್ನು ಇವರಲ್ಲಿ ಹುಡುಕುತ್ತಿದ್ದಾಳೆ, ಅದನ್ನು ಮಾತಾಗಿಸುವ ಬದಲು ತಂದೆಯ ಪಾತ್ರವನ್ನೇ ವಹಿಸಿಕೊಂಡರು. ಈ ಕ್ಷಣದ ಬಗ್ಗೆ ನಿಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದು ನಿಮಗೆ ಯಾವ ಕೋರ್ಸ್ ಒಗ್ಗೀತು ಎಂಬುದರ ಬಗ್ಗೆ ಬಹಳಷ್ಟು ಹೇಳುತ್ತದೆ. ನನ್ನ ಮನಸ್ಸು ರೋಜರ್ಸ್ ಕಡೆ ವಾಲುತ್ತದೆ, ಆದರೆ ವಿರೋಧಿಗಳ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಆ ಪಂಥದ ಕುರ್ಚಿಗೆ ಬರೋಣ. “ನೀವ ಹೇಳ್ರಿ” ಎಂದಾಗ ಸೈಕೊಡೈನಾಮಿಕ್ ಸಮಾಲೋಚಕಿ ಬಹುಶಃ ಮೊದಲು ಏನೂ ಹೇಳುವುದಿಲ್ಲ. ಭೇಟಿ ಪ್ರತಿ ವಾರ ಅದೇ ದಿನ, ಅದೇ ಹೊತ್ತು, 50 ನಿಮಿಷ. ಈ ಕಟ್ಟುನಿಟ್ಟು ಗಡಿಯಾರದ ಮೇಲಿನ ಪ್ರೀತಿಯಿಂದ ಬಂದದ್ದಲ್ಲ. ಚೌಕಟ್ಟು ಅಲುಗದೆ ನಿಂತಿದ್ದರೆ ಅದರೊಳಗೆ ವ್ಯಕ್ತಿ ಏನು ಮಾಡುತ್ತಾಳೆ ಎಂಬುದು ಕಾಣುತ್ತದೆ. ಐದನೇ ವಾರ ಸವಿತಾ ಹತ್ತು ನಿಮಿಷ ತಡವಾಗಿ ಬಂದು, ಕೂರುವ ಮೊದಲೇ “ನಿಮಗ ಸಿಟ್ಟ ಬಂತೇನ್ರಿ ಮೇಡಂ?” ಎನ್ನುತ್ತಾಳೆ. ಆರನೇ ವಾರ ಬರೆದಿಟ್ಟ ಚೀಟಿ ತಂದು, ಅದರಲ್ಲಿರುವುದನ್ನೇ ಒಪ್ಪಿಸುತ್ತಾಳೆ. ಸಮಾಲೋಚಕಿ ತನ್ನನ್ನೂ ಗಮನಿಸಿಕೊಳ್ಳುತ್ತಾಳೆ: ಯಾಕೋ ಇವಳ ಎದುರು ನಾನು ಪರೀಕ್ಷೆಯ ಪ್ರಶ್ನೆಗಳನ್ನೇ ಕೇಳುತ್ತಿದ್ದೇನೆ, ಉತ್ತರ ತಡವಾದರೆ ನನಗೆ ಸಹನೆ ಕೆಡುತ್ತಿದೆ. ಆ ಅಸಹನೆಯನ್ನು ಆಕೆ ತನ್ನ ದೋಷವೆಂದು ಮುಚ್ಚಿಡುವುದಿಲ್ಲ. ಈ ಕೋಣೆಯಲ್ಲಿ ಮೇಷ್ಟ್ರ ಮನೆಯ ಹಜಾರವೇ ಮತ್ತೆ ಕಟ್ಟಿಕೊಂಡಿದೆ ಎಂಬುದಕ್ಕೆ ಸುಳಿವೆಂದು ಓದುತ್ತಾಳೆ.

ಲಂಡನ್ನಿನ ಡೇವಿಡ್ ಮಾಲನ್ ಈ ಓದನ್ನು ಎರಡು ತ್ರಿಕೋನಗಳಲ್ಲಿ ಹೇಳಿಕೊಟ್ಟರು. 1979ರ ಅವರ ಪುಸ್ತಕದ ಮೂಲಕ ಅವು ವಿದ್ಯಾರ್ಥಿಗಳಿಗೆ ಕೈದೀವಿಗೆಯಾದವು. ಒಂದು ತ್ರಿಕೋನದ ಮೂಲೆಗಳಲ್ಲಿ ಅಡಗಿದ ಭಾವ, ಅದು ಹೊರಬಂದರೇನು ಗತಿ ಎಂಬ ಆತಂಕ, ಅದನ್ನು ತಡೆಯುವ ರಕ್ಷಣೆ. ಸವಿತಾಳಲ್ಲಿ ಅಡಗಿರುವುದು ಬಂದವರ ಮುಂದೆ ನಗುತ್ತಿದ್ದ ಅಪ್ಪನ ಮೇಲಿನ ಸಿಟ್ಟು. ಆತಂಕವೆಂದರೆ ಸಿಟ್ಟು ತೋರಿದರೆ ಅವರ ಪ್ರೀತಿ ಕಳೆದೀತು ಎಂಬುದು. ರಕ್ಷಣೆ ಎಂದರೆ ವಿಧೇಯತೆ, ಮತ್ತು ಅದೂ ಸಾಲದಾದಾಗ ಬಾಯಿ ಕಟ್ಟುವುದು. ಇನ್ನೊಂದು ತ್ರಿಕೋನದ ಮೂಲೆಗಳಲ್ಲಿ ಮೂವರು ಇದ್ದಾರೆ: ಅಂದಿನ ಅಪ್ಪ, ಇಂದಿನ ಮ್ಯಾನೇಜರ್, ಎದುರಿಗೆ ಕೂತಿರುವ ಸಮಾಲೋಚಕಿ. ಚಿಕಿತ್ಸೆಯ ಕೆಲಸ ಈ ಮೂಲೆಗಳನ್ನು ಒಂದೊಂದಾಗಿ ಜೋಡಿಸುವುದು. ಎಂಟನೇ ವಾರ ಆಕೆ ಹೇಳಬಹುದಾದ ಮಾತು ಇಷ್ಟೇ: “ನನ್ನ ಹತ್ತಿರ ಉತ್ತರ ಕೇಳ್ತೀರಿ. ಆದರೆ ನಾನು ಹೇಳಿದ್ದು ನಿಮಗೆ ಸರಿ ಅನ್ನಿಸದಿದ್ದರೆ ಅದನ್ನ ನನಗೆ ಹೇಳೋಕೆ ಆಗುತ್ತಾ?”

ಈ ಮಾತಿಗೆ ಸಮಯ ಮುಖ್ಯ. ಇದನ್ನೇ ಎರಡನೇ ಭೇಟಿಯಲ್ಲಿ, ಅಪ್ಪನ ಮೇಲೆ ನಿಮಗೆ ಸಿಟ್ಟಿದೆ ಎಂದು ಘೋಷಿಸಿದರೆ ಸವಿತಾ “ಹೌದ್ರಿ ಮೇಡಂ” ಎಂದುಬಿಡುತ್ತಾಳೆ. ಹೊಸ ಚಿಕಿತ್ಸಕರು ಬೀಗುವುದು ಇಂಥ ಕಡೆ. ಆದರೆ ಎಲ್ಲರಿಗೂ ಹೌದು ಎನ್ನುವುದೇ ಅವಳ ತೊಂದರೆಯಾಗಿರುವಾಗ ಆ ‘ಹೌದ್ರಿ’ಗೆ ಬೆಲೆ ಇಲ್ಲ. ವ್ಯಾಖ್ಯಾನ ತಗುಲಿತೋ ಇಲ್ಲವೋ ಎಂಬುದು ಒಪ್ಪಿಗೆಯಿಂದ ತಿಳಿಯುವುದಿಲ್ಲ; ಅದರ ಹಿಂದೆಯೇ ಹೊಸ ನೆನಪೋ ಹೊಸ ಭಾವವೋ ತಾನಾಗಿ ಬಂತೇ ಎಂಬುದರಿಂದ ತಿಳಿಯುತ್ತದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿಯೂ ಸುಮ್ಮನಿದ್ದಳು ಎಂದು ಸವಿತಾ ಮೊದಲ ಸಲ ಹೇಳಿದರೆ ದಾರಿ ಸರಿಯಿದೆ. ಒಪ್ಪಿ, ತಲೆಯಾಡಿಸಿ, ಮಾತು ಬತ್ತಿದರೆ ದಾರಿ ತಪ್ಪಿದೆ.

ಸಿಬಿಟಿ ಕುರ್ಚಿಯಲ್ಲಿ ಕೂತವಳು ಅದೇ ಪ್ರಶ್ನೆಯನ್ನು ಪರೀಕ್ಷಿಸಬಹುದಾದ ಪ್ರಶ್ನೆಯನ್ನಾಗಿ ಮಾಡುತ್ತಾಳೆ: “ಕೆಲಸ ಬಿಡಬೇಕಾ ಅನ್ನೋದನ್ನ ತೀರ್ಮಾನ ಮಾಡೋಕೆ ನಮಗೆ ಏನು ಗೊತ್ತಾಗಬೇಕು? ಮೀಟಿಂಗ್‌ನಲ್ಲಿ ನೀವು ಅಂದುಕೊಂಡದ್ದೇ ನಡೆಯುತ್ತಾ ಇಲ್ಲವಾ ಅಂತ ನಾಲ್ಕು ವಾರ ನೋಡಿ ಆಮೇಲೆ ಮಾತಾಡೋಣವಾ?” ಬೆಕ್ ಮೂಲತಃ ಮನೋವಿಶ್ಲೇಷಣೆಯಲ್ಲೇ ತರಬೇತಾದವರು. ಖಿನ್ನತೆಯ ಬಗ್ಗೆ ಆ ಸಿದ್ಧಾಂತ ಹೇಳುವುದನ್ನು ಸಾಬೀತುಪಡಿಸಲು ಹೊರಟು, ರೋಗಿಗಳ ಕನಸುಗಳಲ್ಲಿ ಅದು ಸಿಗದೆ, ಅವರ ಮನಸ್ಸಿನಲ್ಲಿ ಕ್ಷಣಕ್ಷಣವೂ ಹಾದುಹೋಗುವ ಸೋಲಿನ ಮಾತುಗಳ ಕಡೆ ತಿರುಗಿದರು. ಸವಿತಾಳಂಥ ಸಾಮಾಜಿಕ ಆತಂಕಕ್ಕೆ ಈ ದಾರಿಯಲ್ಲಿ ಹೆಚ್ಚು ಬಳಕೆಯಾಗುವ ನಕ್ಷೆಯನ್ನು 1995ರಲ್ಲಿ ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಕೊಟ್ಟರು. ಅವರ ವಾದ ಸರಳ: ಇಂಥವರು ಮೀಟಿಂಗ್‌ನಲ್ಲಿ ಜನರನ್ನು ನೋಡುತ್ತಲೇ ಇರುವುದಿಲ್ಲ. ಗಮನವೆಲ್ಲ ಒಳಗೆ ತಿರುಗಿ, ಒಳಗಿನ ಬಿಸಿ ನಡುಕಗಳನ್ನೇ ಆಧಾರವಾಗಿಟ್ಟುಕೊಂಡು, ತಾನು ಹೊರಗೆ ಹೇಗೆ ಕಾಣುತ್ತಿದ್ದೇನೆ ಎಂಬ ಭಯಂಕರ ಚಿತ್ರವೊಂದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಆ ಚಿತ್ರ ಹೊರಬೀಳದಂತೆ ಏನೇನೋ ಕಾವಲು ಹಾಕುತ್ತಾರೆ.

ಸವಿತಾಳ ಕಾವಲುಗಳು ಪಟ್ಟಿಯಾಗುತ್ತವೆ: ಎಲ್ಲವನ್ನೂ ಬರೆದುಕೊಂಡು ತಲೆ ಎತ್ತದೆ ಓದುವುದು, ಬೇಗ ಮುಗಿಯಲೆಂದು ಓಡಿಸುವುದು, ಮೂಲೆಯ ಕುರ್ಚಿ, ಕೈ ನಡುಗುವುದು ಕಾಣದಿರಲೆಂದು ನೀರಿನ ಬಾಟಲಿಯನ್ನು ಹಿಡಿದಿರುವುದು. ಮೂರನೇ ಭೇಟಿಯಲ್ಲಿ ಪ್ರಯೋಗ. ತನ್ನ ವಾರದ ಲೆಕ್ಕವನ್ನು ಅವಳು ಕೋಣೆಯಲ್ಲೇ ಎರಡು ಸಲ ಹೇಳುತ್ತಾಳೆ. ಒಮ್ಮೆ ಎಲ್ಲ ಕಾವಲುಗಳೊಡನೆ, ಇನ್ನೊಮ್ಮೆ ಚೀಟಿ, ಬಾಟಲಿ ಬಿಟ್ಟು, ಎದುರಿನವರನ್ನು ನೋಡುತ್ತ. ಎರಡೂ ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತದೆ. ನೋಡುವ ಮೊದಲು ಅವಳು ಅಂದಾಜು ಹೇಳಬೇಕು: ದನಿ ಎಷ್ಟು ನಡುಗಿದ್ದು ಕೇಳಿಸುತ್ತದೆ, ನೂರಕ್ಕೆ ಎಷ್ಟು? 80 ಎನ್ನುತ್ತಾಳೆ. ನಂತರ ಪರದೆಯಲ್ಲಿರುವವಳು ಯಾರೋ ಬೇರೆಯವಳು ಎಂಬಂತೆ ನೋಡಲು ಹೇಳುತ್ತಾರೆ. ಆಗ ಕೊಡುವ ಅಂಕ 25. ಚೀಟಿ ನೋಡಿ ಓಡಿಸಿದ್ದೇ ಹೆಚ್ಚು ಗಾಬರಿಯಾಗಿ ಕಾಣುತ್ತದೆ ಎಂಬುದು ಅವಳಿಗೇ ಹೊಳೆಯುತ್ತದೆ. ಕಾಪಾಡುತ್ತದೆ ಎಂದುಕೊಂಡದ್ದೇ ಕೆಡಿಸುತ್ತಿತ್ತು.

ನಂತರ ಆಫೀಸು. ಅವಳ ಭವಿಷ್ಯವಾಣಿ: ನಡುವೆ ಮಾತು ನಿಂತರೆ ಎಲ್ಲರೂ ನಗುತ್ತಾರೆ. ನಂಬಿಕೆ ನೂರಕ್ಕೆ 90. ಪ್ರಯೋಗ: ಸೋಮವಾರ ಬೇಕೆಂದೇ ಒಂದು ವಾಕ್ಯದ ನಡುವೆ ಮೂರು ಸೆಕೆಂಡ್ ನಿಲ್ಲಿಸುವುದು, ಆ ಹೊತ್ತು ಒಳಗೆ ನೋಡದೆ ಎದುರಿನ ಮುಖಗಳನ್ನು ನೋಡುವುದು. ಏನು ಕಂಡಿತು? ಮ್ಯಾನೇಜರ್ ಕಾಯುತ್ತಿದ್ದರು, ಇಬ್ಬರು ತಮ್ಮ ಲ್ಯಾಪ್‌ಟಾಪ್ ನೋಡುತ್ತಿದ್ದರು, ಒಬ್ಬಳು ಆಕಳಿಸಿದಳು. ನಂಬಿಕೆ 50ಕ್ಕೆ ಇಳಿಯುತ್ತದೆ. ಮತ್ತೆ ಇನ್ನೊಂದು ಪ್ರಯೋಗ.

ಇಲ್ಲೂ ಕೆಡುವುದಕ್ಕೆ ತನ್ನದೇ ದಾರಿ ಇದೆ. ಸವಿತಾ ಇಡೀ ಭಾಷಣವನ್ನು ಉರುಹಚ್ಚಿಕೊಂಡು ಹೋಗಿ, ಚೆನ್ನಾಗಿ ಹೇಳಿ ಬಂದು, “ಈ ಸಲ ಹೆಂಗೋ ಪಾರಾದೆ” ಎಂದರೆ ಏನೂ ಕಲಿತಿಲ್ಲ. ಉರುಹಚ್ಚಿದ್ದೇ ಹೊಸ ಕಾವಲಾಯಿತು. ಇನ್ನೊಂದು ಅಪಾಯ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಮನೆಗೆಲಸದ ಹಾಳೆಗಳೆಲ್ಲ ದುಂಡು ಅಕ್ಷರದಲ್ಲಿ ತುಂಬಿರುತ್ತವೆ, ನಂಬಿಕೆಯ ಅಂಕ ವಾರವಾರವೂ ಚೊಕ್ಕವಾಗಿ ಇಳಿಯುತ್ತದೆ, ಆದರೆ ಸೋಮವಾರದ ರಜೆ ನಿಂತಿರುವುದಿಲ್ಲ. ಅವಳು ಮೇಡಂಗೆ ಒಳ್ಳೆಯ ವಿದ್ಯಾರ್ಥಿನಿ ಆಗುತ್ತಿದ್ದಾಳೆ ಅಷ್ಟೇ. ಒಳ್ಳೆಯ ಸಿಬಿಟಿ ಚಿಕಿತ್ಸಕಿ ಇದನ್ನು ಗಮನಿಸಿ, ‘ತಪ್ಪು ಮಾಡಿದರೆ ಮೇಡಂಗೆ ಬೇಜಾರಾಗುತ್ತದೆ’ ಎಂಬುದನ್ನೇ ಮುಂದಿನ ಪ್ರಯೋಗವಾಗಿಸುತ್ತಾಳೆ: ಮುಂದಿನ ವಾರ ಹಾಳೆ ತುಂಬದೆ ಬನ್ನಿ, ಏನಾಗುತ್ತದೋ ನೋಡೋಣ. ಸೈಕೊಡೈನಾಮಿಕ್ ಕುರ್ಚಿಯವಳು ಎಂಟನೇ ವಾರ ಮುಟ್ಟಿದ ಜಾಗವನ್ನೇ ಇವಳು ಬೇರೆ ದಾರಿಯಿಂದ ಮುಟ್ಟಿದಳು.

ಯಾವುದು ಹೆಚ್ಚು ಕೆಲಸ ಮಾಡುತ್ತದೆ? ಸವಿತಾಳ ತೊಂದರೆಗೆ ಸಂಬಂಧಿಸಿದಂತೆ ಇದಕ್ಕೆ ಒಂದು ಒಳ್ಳೆಯ ಅಧ್ಯಯನ ಇದೆ. ಜರ್ಮನಿಯಲ್ಲಿ ಫಾಲ್ಕ್ ಲೈಷ್ಸೆನ್‌ರಿಂಗ್ ತಂಡ ಸಾಮಾಜಿಕ ಆತಂಕದ 495 ಜನರನ್ನು ಸಿಬಿಟಿ, ಸೈಕೊಡೈನಾಮಿಕ್ ಚಿಕಿತ್ಸೆ, ಮತ್ತು ಕಾಯುವ ಪಟ್ಟಿ ಎಂದು ಚೀಟಿ ಎತ್ತಿದಂತೆ ಹಂಚಿ, 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಮುಗಿದಾಗ ಗಣನೀಯವಾಗಿ ಸುಧಾರಿಸಿದವರು ಸಿಬಿಟಿಯಲ್ಲಿ ಶೇ. 60, ಸೈಕೊಡೈನಾಮಿಕ್‌ನಲ್ಲಿ ಶೇ. 52, ಕಾಯುತ್ತಿದ್ದವರಲ್ಲಿ ಶೇ. 15. ತೊಂದರೆ ಹೆಚ್ಚುಕಡಿಮೆ ಪೂರ್ತಿ ಹೋದವರನ್ನು ಎಣಿಸಿದರೆ ಸಿಬಿಟಿ ಇನ್ನೂ ಸ್ವಲ್ಪ ಮುಂದೆ, 36ಕ್ಕೆ 26. ಎರಡು ವರ್ಷದ ನಂತರ ನೋಡಿದಾಗ ಇಬ್ಬರ ನಡುವಿನ ಅಂತರ ಕರಗಿತ್ತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಈ ತೊಂದರೆಗೆ ಮೊದಲು ಸಿಬಿಟಿ ಎನ್ನುತ್ತದೆ. ಸಿಬಿಟಿಯೂ ಮಾತ್ರೆಯೂ ಬೇಡ ಎನ್ನುವವರಿಗೆ ಸೈಕೊಡೈನಾಮಿಕ್ ಅನ್ನು ಪರಿಗಣಿಸಬಹುದು ಎನ್ನುತ್ತದೆ.

ರೋಜರ್ಸ್ ಪಂಥಕ್ಕೆ ಹತ್ತಿರದ ಹೋಲಿಕೆ ಖಿನ್ನತೆಯಲ್ಲಿ ನಡೆದದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 510 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗೆ ಈ ಪಂಥದ ಕೌನ್ಸೆಲಿಂಗ್ ಸಿಬಿಟಿಗೆ ಕಡಿಮೆ ಇರಲಿಲ್ಲ, ಹನ್ನೆರಡು ತಿಂಗಳಿಗೆ ಸಿಬಿಟಿ ಮುಂದಿತ್ತು. ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ, ಒಂದು ಪಂಥದವರು ಇನ್ನೊಂದನ್ನು ‘ವಿಜ್ಞಾನವಲ್ಲ’ ಎಂದು ಹೀಯಾಳಿಸುವುದಕ್ಕೆ ಆಧಾರ ಸಿಗುವುದಿಲ್ಲ. ಆದರೆ ಎಲ್ಲ ತೊಂದರೆಗೂ ಮೂರೂ ಒಂದೇ ಎನ್ನುವುದೂ ತಪ್ಪು. ದಿನಕ್ಕೆ ನಾಲ್ಕು ಗಂಟೆ ಕೈ ತೊಳೆಯುವ ಗೀಳು ಕಾಯಿಲೆಯವರಿಗೆ, ಗಲೀಜು ಮುಟ್ಟಿಸಿ ತೊಳೆಯದಂತೆ ತಡೆಯುವ ವರ್ತನಾ ಚಿಕಿತ್ಸೆ ಗೊತ್ತಿಲ್ಲದವರು ಬರೀ ಕೇಳಿಸಿಕೊಳ್ಳುತ್ತ ತಿಂಗಳು ಕಳೆದರೆ ಅದು ಆ ವ್ಯಕ್ತಿಗೆ ಮಾಡುವ ಅನ್ಯಾಯ.

ಕೋರ್ಸಿನ ಕಡೆ ಬಂದರೆ, ಮೂರೂ ಪಂಥಗಳು ನಿಮ್ಮಿಂದ ಕೇಳುವುದು ಬೇರೆ ಬೇರೆ. ಸೈಕೊಡೈನಾಮಿಕ್ ತರಬೇತಿ ಮೊದಲು ನಿಮ್ಮನ್ನೇ ಚಿಕಿತ್ಸೆಗೆ ಕೂರಿಸುತ್ತದೆ, ವಾರಕ್ಕೊಮ್ಮೆಯಾದರೂ, ವರ್ಷಗಟ್ಟಲೆ, ನಿಮ್ಮದೇ ಖರ್ಚಿನಲ್ಲಿ. ಸವಿತಾಳ ಎದುರು ಹುಟ್ಟಿದ ಅಸಹನೆ ಅವಳದೋ ನಿಮ್ಮದೋ ಎಂದು ಬೇರ್ಪಡಿಸಲು ಬೇರೆ ದಾರಿ ಇಲ್ಲ ಎಂಬುದು ಅವರ ವಾದ, ಮತ್ತು ಅದು ಗಟ್ಟಿಯಾದ ವಾದ. ಭಾರತದಲ್ಲಿ ಈ ಪರಂಪರೆ ಹಳೆಯದು. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿ, ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ನಡೆಸಿದ್ದರು. ಆದರೂ ಪೂರ್ಣ ಪ್ರಮಾಣದ ತರಬೇತಿ ಇವತ್ತಿಗೂ ಕೆಲವೇ ಊರುಗಳಲ್ಲಿದೆ, ಕನ್ನಡದಲ್ಲಿ ಕೂತು ಚಿಕಿತ್ಸೆ ಪಡೆಯಬಲ್ಲ ಹಿರಿಯ ಚಿಕಿತ್ಸಕರು ಸಿಗುವುದು ಕಷ್ಟ. ಪ್ರಾಸ್ಪೆಕ್ಟಸ್‌ನಲ್ಲಿ ಸೈಕೊಡೈನಾಮಿಕ್ ಎಂದಿದ್ದು ಸ್ವಂತ ಚಿಕಿತ್ಸೆಯ ಮಾತೇ ಇಲ್ಲದಿದ್ದರೆ, ಅಲ್ಲಿ ಸಿಗುವುದು ಫ್ರಾಯ್ಡ್ ಬಗ್ಗೆ ಉಪನ್ಯಾಸ.

ಹ್ಯೂಮನಿಸ್ಟಿಕ್ ತರಬೇತಿಯ ಹೃದಯ ಮೂವರ ಗುಂಪಿನ ಅಭ್ಯಾಸ. ಒಬ್ಬಳು ಹೇಳುತ್ತಾಳೆ, ಒಬ್ಬಳು ಕೇಳುತ್ತಾಳೆ, ಮೂರನೆಯವಳು ಗಮನಿಸಿ ಟಿಪ್ಪಣಿ ಮಾಡುತ್ತಾಳೆ, ಆಮೇಲೆ ಪಾತ್ರ ಬದಲು. ಹೇಳುವವಳು ನಾಟಕ ಆಡದೆ ತನ್ನ ನಿಜವಾದ ತೊಂದರೆಯನ್ನೇ ತರಬೇಕು. ವಾರವಾರವೂ ಇದು ನಡೆಯದ ಕೋರ್ಸಿನಲ್ಲಿ ರೋಜರ್ಸ್ ಗೋಡೆಯ ಮೇಲಿನ ಫೋಟೊ ಮಾತ್ರ. ವಿಶೇಷವೆಂದರೆ, ಚಿಕಿತ್ಸೆಯ ಸೆಷನ್‌ಗಳನ್ನು ರೆಕಾರ್ಡ್ ಮಾಡಿ ವಿದ್ಯಾರ್ಥಿಗಳ ಜೊತೆ ಕೂತು ಕೇಳುವ ಪದ್ಧತಿಯನ್ನು 1940ರ ದಶಕದ ಆರಂಭದಲ್ಲಿ ಬೆಳೆಸಿದವರು ರೋಜರ್ಸೇ. ಕೋಣೆಯ ಒಳಗಿನದು ಹೊರಗೆ ಬರಬಾರದು ಎಂಬ ಕಾಲದಲ್ಲಿ ಅದು ಸಣ್ಣ ಕ್ರಾಂತಿ.

ಆ ಪದ್ಧತಿಯನ್ನು ಸಿಬಿಟಿಯವರು ಅಂಕಪಟ್ಟಿಯ ಮಟ್ಟಕ್ಕೆ ಒಯ್ದರು. ನಿಮ್ಮ ಸೆಷನ್ನಿನ ರೆಕಾರ್ಡಿಂಗ್ ಕೇಳಿ ಹನ್ನೊಂದು ಅಂಶಗಳಿಗೆ ಅಂಕ ಹಾಕುತ್ತಾರೆ, ಒಂದೊಂದಕ್ಕೆ ಆರರವರೆಗೆ, ಒಟ್ಟು 66. ಸಾಮಾನ್ಯವಾಗಿ 40 ಬಂದರೆ ಸಮರ್ಥರು. ಕಾರ್ಯಸೂಚಿ ಹಾಕಿದಿರಾ, ಮನೆಗೆಲಸ ವಿಚಾರಿಸಿದಿರಾ ಎಂಬುದರ ಜೊತೆಗೆ ಅರ್ಥ ಮಾಡಿಕೊಂಡಿರಾ, ಹೊಂದಿಕೆಯಾಗಿ ಕೆಲಸ ಮಾಡಿದಿರಾ ಎಂಬುದಕ್ಕೂ ಅಂಕ ಇದೆ. ಅಂಕ ಎಂದರೆ ಕೆಲವರಿಗೆ ಮೈ ಉರಿಯುತ್ತದೆ. ಎಲ್ಲಿ ತಪ್ಪಿದೆ ಎಂದು ಖಚಿತವಾಗಿ ಹೇಳಿಸಿಕೊಳ್ಳಲು ಬಯಸುವವರಿಗೆ ಇದಕ್ಕಿಂತ ನೇರ ದಾರಿ ಇಲ್ಲ. ಎರಡು ದಿನದ ಆನ್‌ಲೈನ್ ಸಿಬಿಟಿ ಸರ್ಟಿಫಿಕೇಟ್‌ಗಳಲ್ಲಿ ಇರಲಾರದ್ದು ಇದೇ.

ಮೂರನ್ನೂ ಆರು ತಿಂಗಳಲ್ಲಿ ಕಲಿಸುತ್ತೇವೆ ಎನ್ನುವ ಡಿಪ್ಲೊಮಾಗಳು ಬಹಳ ಇವೆ. ಮೂರನ್ನೂ ಪರಿಚಯಿಸಬಹುದು, ನಿಜ. ಆದರೆ “ನೀವ ಹೇಳ್ರಿ” ಎಂದು ಒಬ್ಬಳು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ, ಒಂದು ದಾರಿಯಲ್ಲಾದರೂ ಚೆನ್ನಾಗಿ ಪಳಗಿರದವರು ಗಾಬರಿಯಲ್ಲಿ ಸಲಹೆ ಕೊಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ, ಶಾಲೆ, ಕಾಲೇಜು, ಆಸ್ಪತ್ರೆ, ಸಹಾಯವಾಣಿಗಳಲ್ಲಿ ಕೆಲಸ ಹುಡುಕುವವರು ಮೂವರ ಗುಂಪಿನ ಅಭ್ಯಾಸ ಗಟ್ಟಿಯಾಗಿರುವ ಕೋರ್ಸಿನಿಂದ ಶುರುಮಾಡಿ, ನಂತರ ರೆಕಾರ್ಡಿಂಗ್ ಕೇಳಿ ತಿದ್ದುವ ಸಿಬಿಟಿ ತರಬೇತಿ ಪಡೆಯುವುದು ಮೇಲು. ಶಾಲೆಯಲ್ಲಿ ಒಂದು ಮಗುವಿನ ಜೊತೆ ಇಪ್ಪತ್ತು ನಿಮಿಷದ ಮೂರು ಭೇಟಿ ಸಿಕ್ಕರೆ ಹೆಚ್ಚು. 14416 ಟೆಲಿ ಮಾನಸ್‌ನಂಥ ಸಹಾಯವಾಣಿಯಲ್ಲಿ ಕರೆ ಮಾಡಿದವರು ಮತ್ತೆ ಸಿಗದೆಯೂ ಇರಬಹುದು. ತ್ರಿಕೋನಗಳು ಕೂಡಲು ಅಲ್ಲಿ ಕಾಲವೇ ಇಲ್ಲ. ಖಾಸಗಿಯಾಗಿ, ನಿಧಾನವಾಗಿ, ಒಬ್ಬೊಬ್ಬರ ಜೊತೆ ವರ್ಷಗಟ್ಟಲೆ ಕೆಲಸ ಮಾಡುವ ಮನಸ್ಸಿದ್ದು, ಸ್ವಂತ ಚಿಕಿತ್ಸೆಗೆ ಹಣ ಮತ್ತು ಎದೆ ಎರಡೂ ಇದ್ದರೆ ಸೈಕೊಡೈನಾಮಿಕ್ ಕಡೆ ಹೋಗಬಹುದು.

ಕಾನೂನಿನ ಒಂದು ಮಾತು. ಯಾವ ಪಂಥದ ಕೌನ್ಸೆಲಿಂಗ್ ಡಿಪ್ಲೊಮಾವೂ ನಿಮ್ಮನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುವುದಿಲ್ಲ. ಆ ಹೆಸರು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಪದವಿ ಮತ್ತು ಅಲ್ಲಿನ ನೋಂದಣಿ ಬೇಕು. ಉಳಿದ ಮನಶ್ಶಾಸ್ತ್ರಜ್ಞರನ್ನೂ ಕೆಲವು ಬಗೆಯ ಕೌನ್ಸೆಲರ್‌ಗಳನ್ನೂ 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆದ್ದರಿಂದ ಸೇರುವ ಮೊದಲು ನಿಮ್ಮ ಪ್ರಮಾಣಪತ್ರ ಆ ನೋಂದಣಿಗೆ ನಡೆಯುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಜೊತೆಗೆ ಇನ್ನಿಷ್ಟು ಕೇಳಿ. ಕೋರ್ಸಿನ ಅವಧಿಯಲ್ಲಿ ಎಷ್ಟು ಜನ ನಿಜವಾದ ಕಕ್ಷಿದಾರರನ್ನು ನಾನು ನೋಡುತ್ತೇನೆ? ಅವರ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗನ್ನು ಯಾರು ಕೇಳುತ್ತಾರೆ, ಪೂರ್ತಿ ಕೇಳುತ್ತಾರೋ ಅಥವಾ ನಾನು ಬರೆದ ವರದಿಯನ್ನಷ್ಟೇ ಓದುತ್ತಾರೋ? ಕೇಳುವವರಿಗೆ ಕಕ್ಷಿದಾರರ ಕನ್ನಡ ಬರುತ್ತದೆಯೇ? ಯಾರಾದರೂ ಸಾಯುವ ಮಾತಾಡಿದರೆ ಅದೇ ದಿನ ನಾನು ಯಾರಿಗೆ ಫೋನ್ ಮಾಡಬೇಕು? ಸೂಪರ್‌ವಿಷನ್ ಶುಲ್ಕ ಈ ಫೀಸಿನಲ್ಲೇ ಸೇರಿದೆಯೋ, ಮೊದಲ ಕಂತು ಕಟ್ಟಿದ ಮೇಲೆ ಬೇರೆ ಕೇಳುತ್ತಾರೋ?